ಸಂಸ್ಕಾರಕ ತೀರ್ಮಾನ ಕೈಗೊಳ್ಳುವ ಮೂರು ಬಗೆ: 8085ರಿಂದ ಸಿಂಪ್ಯೂಟರ್‌ವರೆಗೆ

ಹೊಸಪೇಟೆಯ ಚಿತ್ತವಾಡ್ಗಿಯಿಂದ ಬರುತ್ತಿದ್ದ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬ ಹಲವು ವರ್ಷಗಳ ಹಿಂದೆ ಪ್ರಯೋಗಾಲಯದ ದಾಖಲೆ ಪುಸ್ತಕ ಹಿಡಿದು ನನ್ನ ಬಳಿ ಬಂದ. "ಸರ್, ಎಣಿಕೆ ಸರಿ ಐತಿ, ಪ್ರೋಗ್ರಾಮ್‌ನಾಗ ತಪ್ಪು ಕಾಣವಲ್ದು, ಉತ್ತರ ಮಾತ್ರ 45 ಬರ್ತೈತಿ" ಎಂದ. ಸಂಖ್ಯೆಗಳ ಪಟ್ಟಿಯೊಂದರಲ್ಲಿ ಅತಿ ದೊಡ್ಡದನ್ನು 8085 ಕಿಟ್‌ನಲ್ಲಿ ಹುಡುಕುವುದು ಅವನ ಪ್ರಯೋಗ. ಪಟ್ಟಿಯಲ್ಲಿದ್ದ ಸಂಖ್ಯೆಗಳು ಕ್ರಮವಾಗಿ 12, 45, 45, 07, 60. ಉತ್ತರ 60 ಬರಬೇಕಿತ್ತು. ಅವನ ಪ್ರೋಗ್ರಾಮಿನ ಮುಖ್ಯ ಭಾಗ ಹೀಗಿತ್ತು:

```
NEXT: INX H
      CMP M
      JNC SKIP
      MOV A,M
SKIP: DCX B
      JNZ NEXT
```

ಈ ತಪ್ಪನ್ನು ಅರಿತರೆ ಸಂಸ್ಕಾರಕಗಳ ವಿನ್ಯಾಸದ ಇತಿಹಾಸದಲ್ಲಿ ನಾಲ್ಕು ದಶಕ ನಡೆದ ಒಂದು ಚರ್ಚೆಯ ತಿರುಳು ತಿಳಿಯುತ್ತದೆ. 'ಹೌದೋ ಅಲ್ಲವೋ' ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಸಂಸ್ಕಾರಕ ಎಲ್ಲಿ ಇಟ್ಟುಕೊಳ್ಳಬೇಕು? ಚರ್ಚೆಯಿದ್ದದ್ದು ಈ ಪ್ರಶ್ನೆಯ ಬಗ್ಗೆ. ಇದಕ್ಕೆ ಮೂರು ಬಗೆಯ ಪರಿಹಾರಗಳು ಬಂದವು. ಇದೇ ಪ್ರಯೋಗವನ್ನು ಆಧಾರವಾಗಿಟ್ಟುಕೊಂಡು ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಬಗೆ: ಫ್ಲ್ಯಾಗ್‌ಗಳು

ಇಂಟೆಲ್ ಸಂಸ್ಥೆ 1976ರಲ್ಲಿ ಹೊರತಂದ 8085ರಲ್ಲಿ ಒಂದು ಸಣ್ಣ ಫ್ಲ್ಯಾಗ್ ರಿಜಿಸ್ಟರ್ ಇದೆ. ಕೈಪಿಡಿ ಹೇಳುವಂತೆ ಅದರಲ್ಲಿ ಐದು ಬಿಟ್‌ಗಳಿಗೆ ಅರ್ಥವಿದೆ: ಚಿಹ್ನೆ, ಸೊನ್ನೆ, ಸಹಾಯಕ ದಶಕ, ಸಮತೆ ಮತ್ತು ದಶಕ. ಅಂಕಗಣಿತ ಘಟಕ ಕೂಡಿದಾಗ, ಕಳೆದಾಗ ಅಥವಾ ಹೋಲಿಸಿದಾಗ ಈ ಬಿಟ್‌ಗಳು ಬದಲಾಗುತ್ತವೆ. ಮುಂದೆ ಬರುವ ಜಿಗಿತದ ಆದೇಶ ಇವುಗಳಲ್ಲೊಂದನ್ನು ನೋಡಿ ಯಾವ ದಾರಿ ಹಿಡಿಯಬೇಕೆಂದು ನಿರ್ಧರಿಸುತ್ತದೆ. ಈ ಪದ್ಧತಿ 8085ಕ್ಕಿಂತ ಹಳೆಯದು. 1964ರ ಐಬಿಎಂ ಸಿಸ್ಟಮ್/360 ಯಂತ್ರಗಳಲ್ಲೂ ಎರಡು ಬಿಟ್‌ಗಳ ಕಂಡಿಷನ್ ಕೋಡ್ ಇತ್ತು.

ಈ ಪದ್ಧತಿ ಜನಪ್ರಿಯವಾಗಲು ಕಾರಣ ಸರಳ. ಒಂದು ಬೈಟ್‌ನ ಆದೇಶದಲ್ಲಿ 'ಇವೆರಡನ್ನು ಹೋಲಿಸು, ಸಮವಾದರೆ ಇಂಥ ವಿಳಾಸಕ್ಕೆ ಹೋಗು' ಎಂದು ಪೂರ್ತಿ ಹೇಳಲು ಜಾಗ ಸಾಲದು. ಆದ್ದರಿಂದ ಹೋಲಿಕೆ ಒಂದು ಆದೇಶವಾಯಿತು, ಜಿಗಿತ ಇನ್ನೊಂದಾಯಿತು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ತಲುಪಿಸಲು ಫ್ಲ್ಯಾಗ್ ಬೇಕಾಯಿತು. ಲೆಕ್ಕದ ಜೊತೆಗೇ ಸಿಗುವುದರಿಂದ ಅದಕ್ಕೆ ಹೆಚ್ಚಿನ ಖರ್ಚೂ ಇರಲಿಲ್ಲ.

ಈಗ ವಿದ್ಯಾರ್ಥಿಯ ಪ್ರೋಗ್ರಾಮಿಗೆ ಬರೋಣ. ಪಟ್ಟಿಯಲ್ಲಿ 255ಕ್ಕಿಂತ ಹೆಚ್ಚು ಸಂಖ್ಯೆಗಳಿದ್ದರೂ ನಡೆಯಲಿ ಎಂದು ಅವನು ಎಣಿಕೆಯನ್ನು C ಎಂಬ ಒಂದೇ ರಿಜಿಸ್ಟರಿನಲ್ಲಿ ಇಡುವ ಬದಲು BC ಜೋಡಿಯಲ್ಲಿ ಇಟ್ಟಿದ್ದ. ಹಾಗಾಗಿ `DCR C` ಬದಲು `DCX B` ಬರೆದಿದ್ದ. 8085ರಲ್ಲಿ `DCR` ಅಂಕಗಣಿತ ಘಟಕದ ಮೂಲಕ ಹೋಗುತ್ತದೆ, ಸೊನ್ನೆ ಫ್ಲ್ಯಾಗನ್ನು ಬದಲಿಸುತ್ತದೆ. `DCX` ವಿಳಾಸಗಳನ್ನು ಹೆಚ್ಚಿಸಿ ತಗ್ಗಿಸುವ ಪ್ರತ್ಯೇಕ ಮಂಡಲದ ಮೂಲಕ ಹೋಗುತ್ತದೆ, ಈ ಐದು ಫ್ಲ್ಯಾಗ್‌ಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ. `MOV` ಕೂಡ ಮುಟ್ಟುವುದಿಲ್ಲ. ಹೀಗಾಗಿ `JNZ` ನೋಡಿದ್ದು ಎಣಿಕೆ ಮುಗಿಯಿತೇ ಎಂಬುದನ್ನಲ್ಲ. ಅದು ನೋಡಿದ್ದು ಮೂರು ಆದೇಶಗಳ ಹಿಂದೆ ನಡೆದ `CMP M` ಬಿಟ್ಟುಹೋಗಿದ್ದ ಉತ್ತರವನ್ನು.

ನೀವೇ ನಡೆಸಿ ನೋಡಿ. ಮೊದಲು A ರಿಜಿಸ್ಟರಿನಲ್ಲಿ 12 ಇದೆ. 45ರೊಡನೆ ಹೋಲಿಸಿದಾಗ ಎರಡೂ ಸಮವಲ್ಲ, ಸೊನ್ನೆ ಫ್ಲ್ಯಾಗ್ 0. A ಈಗ 45 ಆಗುತ್ತದೆ, ಸುತ್ತು ಮುಂದುವರಿಯುತ್ತದೆ. ಮುಂದಿನ ಸಂಖ್ಯೆಯೂ 45, ಎರಡೂ ಸಮ, ಸೊನ್ನೆ ಫ್ಲ್ಯಾಗ್ 1. `JNZ` ಇದನ್ನು ಕಂಡು ಸುತ್ತನ್ನು ಅಲ್ಲಿಗೇ ನಿಲ್ಲಿಸುತ್ತದೆ. 07 ಮತ್ತು 60 ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಪಟ್ಟಿಯಲ್ಲಿ ಹೀಗೆ ಸಮವಾದ ಸಂಖ್ಯೆ ಇಲ್ಲದಿದ್ದರೆ ಸುತ್ತು ಪಟ್ಟಿಯ ಅಂಚನ್ನೂ ದಾಟಿ ಮೆಮೊರಿಯಲ್ಲಿ ಓಡುತ್ತಿರುತ್ತದೆ. ಸರಿಪಡಿಸಲು `DCX B` ನಂತರ ಹೀಗೆ ಬರೆಯಬೇಕು:

```
      MOV D,A
      MOV A,B
      ORA C
      MOV A,D
      JNZ NEXT
```

`ORA C` ಫ್ಲ್ಯಾಗನ್ನು ಬರೆಯುತ್ತದೆ. ಆಮೇಲಿನ `MOV` ಅದನ್ನು ಕೆಡಿಸುವುದಿಲ್ಲ ಎಂಬ ಭರವಸೆಯ ಮೇಲೆ ಇಡೀ ಪ್ರೋಗ್ರಾಮ್ ನಿಂತಿದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಫ್ಲ್ಯಾಗ್ ಎಂಬುದು ಆದೇಶದಲ್ಲಿ ಹೆಸರೇ ಕಾಣಿಸದ ಒಂದು ರಿಜಿಸ್ಟರ್. ಹತ್ತಾರು ಆದೇಶಗಳು ಅದರ ಮೇಲೆ ಬರೆಯುತ್ತವೆ, ಕೆಲವು ಪೂರ್ತಿಯಾಗಿ, ಕೆಲವು ಅರ್ಧ, ಕೆಲವು ಬರೆಯುವುದೇ ಇಲ್ಲ. ಯಾರು ಕೊನೆಯಲ್ಲಿ ಬರೆದರು ಎಂಬುದನ್ನು ನಮ್ಮ ವಿದ್ಯಾರ್ಥಿ ಮರೆತ. ಆದೇಶಗಳನ್ನು ಒಂದಾದ ಮೇಲೊಂದು ನಡೆಸುವ 8085ಕ್ಕೆ ಇದರಿಂದ ತೊಂದರೆಯಿಲ್ಲ. ಹಲವು ಆದೇಶಗಳನ್ನು ಒಟ್ಟಿಗೆ ನಡೆಸುವ ಸಂಸ್ಕಾರಕದಲ್ಲಿ ಮಾತ್ರ ಈ ಲೆಕ್ಕವನ್ನು ಯಂತ್ರವೇ ಇಟ್ಟುಕೊಳ್ಳಬೇಕು.

ಪೈಪ್‌ಲೈನ್ ಬಂದಾಗ

ಚಿತ್ತವಾಡ್ಗಿಯ ಕಬ್ಬಿನ ಗದ್ದೆಗಳಿಗೆ ಕಾಲುವೆಯಿಂದ ನೀರು ಹರಿಸುವುದನ್ನು ನೋಡಿದವರಿಗೆ ಪೈಪ್‌ಲೈನಿನ ಕಷ್ಟ ಬೇಗ ಅರ್ಥವಾಗುತ್ತದೆ. ನೀರನ್ನು ಬೇರೆ ಹೊಲಕ್ಕೆ ತಿರುಗಿಸಬೇಕೆಂಬ ಸುದ್ದಿ ತೂಬಿನ ಬಳಿ ಇರುವವನಿಗೆ ತಡವಾಗಿ ಮುಟ್ಟಿದರೆ, ಅಷ್ಟರಲ್ಲಿ ಹೊರಟುಬಿಟ್ಟ ನೀರು ಹಳೆಯ ದಾರಿಯಲ್ಲೇ ಹೋಗಿ ವ್ಯರ್ಥವಾಗುತ್ತದೆ. ತೂಬು ದೂರವಿದ್ದಷ್ಟೂ ನಷ್ಟ ಹೆಚ್ಚು.

ಐದು ಹಂತದ ಪೈಪ್‌ಲೈನಿನಲ್ಲಿ ಪ್ರತಿ ಆದೇಶವೂ ತರುವುದು, ಬಿಡಿಸಿ ರಿಜಿಸ್ಟರ್ ಓದುವುದು, ಲೆಕ್ಕ ಮಾಡುವುದು, ಮೆಮೊರಿ ಮುಟ್ಟುವುದು ಮತ್ತು ಫಲಿತಾಂಶ ಬರೆಯುವುದು ಎಂಬ ಹಂತಗಳನ್ನು ದಾಟುತ್ತದೆ. ಕ್ಲಾಕಿನ ಒಂದು ಮಿಡಿತವನ್ನು ಸ್ಪಂದ ಎನ್ನೋಣ. ಪ್ರತಿ ಸ್ಪಂದಕ್ಕೂ ಎಲ್ಲ ಆದೇಶಗಳು ಒಂದೊಂದು ಹಂತ ಮುಂದೆ ಸಾಗುತ್ತವೆ, ಹೊಸದೊಂದು ಒಳಬರುತ್ತದೆ. ಕವಲು ತಿರುಗಬೇಕೇ ಬೇಡವೇ ಎಂಬುದು ಮೂರನೆಯ ಹಂತದಲ್ಲಿ ತಿಳಿದರೆ ಅಷ್ಟರಲ್ಲಿ ಹಿಂದಿನಿಂದ ಎರಡು ಆದೇಶಗಳು ಒಳಗೆ ಬಂದಿರುತ್ತವೆ. ಕವಲು ತಿರುಗಿದರೆ ಆ ಎರಡೂ ವ್ಯರ್ಥ. ಎರಡನೆಯ ಹಂತದಲ್ಲೇ ತಿಳಿದರೆ ಒಂದು ಮಾತ್ರ ವ್ಯರ್ಥ.

ಫ್ಲ್ಯಾಗ್ ಇರುವ ಯಂತ್ರದಲ್ಲಿ ಇದರ ಜೊತೆಗೆ ಇನ್ನೊಂದು ತೊಡಕು ಸೇರುತ್ತದೆ. ಪೈಪ್‌ಲೈನಿನಲ್ಲಿರುವ ಆದೇಶಗಳಲ್ಲಿ ಕೊನೆಗೆ ಫ್ಲ್ಯಾಗ್ ಬರೆಯುವುದು ಯಾವುದು ಎಂದು ಹುಡುಕಿ ಅದರ ಉತ್ತರವನ್ನೇ ಕವಲಿಗೆ ಒಯ್ಯಬೇಕು. 8085ರ `DCR` ಎಂಬುದು ದಶಕ ಫ್ಲ್ಯಾಗನ್ನು ಬಿಟ್ಟು ಉಳಿದವನ್ನು ಬರೆಯುತ್ತದೆ. 1978ರ 8086ರ `INC`, `DEC` ಆದೇಶಗಳಿಗೂ ಇದೇ ಗುಣ ಬಂತು. 1995ರ ಪೆಂಟಿಯಮ್ ಪ್ರೊ ಆದೇಶಗಳನ್ನು ಕ್ರಮ ತಪ್ಪಿಸಿ ನಡೆಸತೊಡಗಿದಾಗ ಈ ಹಳೆಯ ಗುಣವೇ ಭಾರವಾಯಿತು. ಒಂದು ಫ್ಲ್ಯಾಗ್ ಹೊಸ ಆದೇಶದಿಂದ, ಇನ್ನೊಂದು ಅದಕ್ಕಿಂತ ಹಿಂದಿನ ಆದೇಶದಿಂದ ಬರಬೇಕಾದಾಗ ಅದು ಎರಡನ್ನೂ ಒಟ್ಟುಗೂಡಿಸಲು ಕೆಲವು ಸ್ಪಂದ ಕಾಯಬೇಕಾಗುತ್ತಿತ್ತು.

ಎರಡನೆಯ ಬಗೆ: ಹೋಲಿಸಿ ಕವಲೊಡೆಯುವುದು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಹೆನೆಸಿಯವರ ತಂಡ 1981ರಲ್ಲಿ ಆರಂಭಿಸಿದ ಮಿಪ್ಸ್ ಯೋಜನೆ ಪೈಪ್‌ಲೈನನ್ನು ಮನಸ್ಸಿನಲ್ಲಿಟ್ಟುಕೊಂಡೇ ಆದೇಶಗಳನ್ನು ರೂಪಿಸಿತು. ಅದರಿಂದ ಹುಟ್ಟಿದ ಮಿಪ್ಸ್ ಸಂಸ್ಕಾರಕಗಳಲ್ಲಿ ಪೂರ್ಣಾಂಕಗಳ ಲೆಕ್ಕಕ್ಕೆ ಫ್ಲ್ಯಾಗೇ ಇಲ್ಲ. ಕವಲಿನ ಆದೇಶವೇ ಎರಡು ರಿಜಿಸ್ಟರುಗಳನ್ನು ಹೆಸರಿಸಿ, ಹೋಲಿಸಿ, ತಿರುಗುತ್ತದೆ. ನಮ್ಮ ಪ್ರಯೋಗ ಅಲ್ಲಿ ಹೀಗಿರುತ್ತದೆ:

```
next: lw    $t1, 0($t2)
      addiu $t3, $t3, -1
      slt   $t4, $t0, $t1
      beq   $t4, $zero, skip
      addiu $t2, $t2, 4
      move  $t0, $t1
skip: bne   $t3, $zero, next
      nop
```

`$t3` ಎಣಿಕೆ, `$t0` ಇದುವರೆಗಿನ ದೊಡ್ಡ ಸಂಖ್ಯೆ. ಕೊನೆಯ `bne` ನೋಡುವುದು `$t3`ಯನ್ನೇ. ನಡುವೆ ಯಾರು ಏನು ಲೆಕ್ಕ ಮಾಡಿದರೂ, `$t3`ಯ ಮೇಲೆ ಬರೆಯದಿದ್ದರೆ ಸಾಕು. ನಮ್ಮ ವಿದ್ಯಾರ್ಥಿಯ ತಪ್ಪು ಇಲ್ಲಿ ಸಾಧ್ಯವೇ ಇಲ್ಲ. ಎಣಿಕೆ ತಗ್ಗಿಸುವ ಆದೇಶವನ್ನು ಮೇಲಕ್ಕೆ ಒಯ್ದು `lw` ನಂತರ ಇಟ್ಟಿರುವುದನ್ನು ನೋಡಿ. ಮೆಮೊರಿಯಿಂದ ಸಂಖ್ಯೆ ಬರುವುದು ಒಂದು ಸ್ಪಂದ ತಡವಾಗುತ್ತದೆ, ಆ ಖಾಲಿ ಸ್ಪಂದ ಹೀಗೆ ಬಳಕೆಯಾಯಿತು. `beq` ನಂತರದ ಆದೇಶ ಕವಲು ತಿರುಗಿದರೂ ನಡೆಯುತ್ತದೆ. ವ್ಯರ್ಥವಾಗಬೇಕಿದ್ದ ಒಂದು ಸ್ಪಂದವನ್ನು ಮಿಪ್ಸ್ ಹೀಗೆ ಪ್ರೋಗ್ರಾಮಿನ ಕೈಗೇ ಕೊಟ್ಟಿತು. ಬಳಸಲು ಕೆಲಸ ಸಿಗದ ಕಡೆ `nop` ಇಡಬೇಕು, ಕೊನೆಯ ಸಾಲಿನಲ್ಲಿ ಆಗಿರುವುದು ಅದೇ.

ಒಂದು ಪ್ರಶ್ನೆ ನಿಮಗೆ ಬಂದಿರಬಹುದು. 'ಚಿಕ್ಕದೇ' ಎಂಬ ಹೋಲಿಕೆಗೆ ಇಲ್ಲಿ `slt` ಎಂಬ ಬೇರೆ ಆದೇಶ ಏಕೆ ಬೇಕಾಯಿತು? ಉತ್ತರ ಅಂಕಗಣಿತದಲ್ಲಿದೆ. ಎರಡು ಸಂಖ್ಯೆಗಳು ಸಮವೇ ಎಂದು ತಿಳಿಯಲು 32 ಬಿಟ್ ಜೋಡಿಗಳನ್ನೂ ಏಕಕಾಲಕ್ಕೆ ಹೋಲಿಸಿ, ಎಲ್ಲವೂ ಹೊಂದಿದವೇ ಎಂದು ನೋಡಿದರೆ ಸಾಕು. ಒಂದು ಇನ್ನೊಂದಕ್ಕಿಂತ ಚಿಕ್ಕದೇ ಎಂದು ತಿಳಿಯಬೇಕಾದರೆ ಕಳೆಯಬೇಕು, ದಶಕವು ಬಿಟ್‌ನಿಂದ ಬಿಟ್‌ಗೆ ಸಾಗಿ ಕೊನೆ ಮುಟ್ಟುವವರೆಗೆ ಕಾಯಬೇಕು. ಕವಲಿನ ತೀರ್ಮಾನ ಬೇಗ ಆಗಬೇಕಾದ್ದರಿಂದ ಮಿಪ್ಸ್ ವಿನ್ಯಾಸಕರು ಕವಲಿಗೆ ಸಮತೆಯ ಪರೀಕ್ಷೆಯನ್ನೂ ಸೊನ್ನೆಯೊಡನೆ ಹೋಲಿಸುವ ಪರೀಕ್ಷೆಯನ್ನೂ ಮಾತ್ರ ಕೊಟ್ಟರು. ನಿಧಾನದ ಹೋಲಿಕೆಯನ್ನು ಸಾಮಾನ್ಯ ಲೆಕ್ಕವನ್ನಾಗಿ ಮಾಡಿ, ಉತ್ತರವನ್ನು ಸಾಮಾನ್ಯ ರಿಜಿಸ್ಟರಿನಲ್ಲೇ ಇರಿಸಿದರು. ರಿಜಿಸ್ಟರುಗಳಿಗೆ ಯಾರು ಯಾವಾಗ ಬರೆದರು ಎಂಬ ಲೆಕ್ಕವನ್ನು ಪೈಪ್‌ಲೈನ್ ಹೇಗೂ ಇಡುತ್ತದೆ. ಫ್ಲ್ಯಾಗಿಗಾಗಿ ಇನ್ನೊಂದು ಲೆಕ್ಕ ಬೇಕಾಗಲಿಲ್ಲ. ಈ ಬಗೆಯ ನಿಜವಾದ ಲಾಭ ಇದೇ.

ಮೂರನೆಯ ಬಗೆ: ಷರತ್ತುಬದ್ಧ ಆದೇಶ, ಮತ್ತು ಬೆಂಗಳೂರಿನ ಸಿಂಪ್ಯೂಟರ್

ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಆರ್ಮ್ ಚಿಪ್ 1985ರಲ್ಲಿ ಕೆಲಸ ಮಾಡಿತು. ಅದರ ಪೈಪ್‌ಲೈನಿಗೆ ಮೂರೇ ಹಂತ. ಅವರು ಫ್ಲ್ಯಾಗನ್ನು ಉಳಿಸಿಕೊಂಡರು, ಆದರೆ ಎರಡು ತಿದ್ದುಪಡಿ ಮಾಡಿದರು. ಒಂದನೆಯದು, ಲೆಕ್ಕದ ಆದೇಶದಲ್ಲಿ ಒಂದು ಬಿಟ್ ಇಟ್ಟು, ಪ್ರೋಗ್ರಾಮ್ ಬರೆಯುವವರು ಕೇಳಿದರೆ ಮಾತ್ರ ಫ್ಲ್ಯಾಗ್ ಬದಲಾಗುವಂತೆ ಮಾಡಿದರು. `SUB` ಫ್ಲ್ಯಾಗನ್ನು ಮುಟ್ಟುವುದಿಲ್ಲ, `SUBS` ಬರೆಯುತ್ತದೆ. ಎರಡನೆಯದು, ಹೆಚ್ಚುಕಡಿಮೆ ಪ್ರತಿ ಆದೇಶಕ್ಕೂ ನಾಲ್ಕು ಬಿಟ್‌ಗಳ ಷರತ್ತನ್ನು ಅಂಟಿಸಿದರು. ಷರತ್ತು ನಿಜವಾದರೆ ಆದೇಶ ನಡೆಯುತ್ತದೆ. ಸುಳ್ಳಾದರೆ ಅದು ಪೈಪ್‌ಲೈನಿನಲ್ಲಿ ಸುಮ್ಮನೆ ಸಾಗಿ ಹೋಗುತ್ತದೆ, ಏನನ್ನೂ ಬರೆಯುವುದಿಲ್ಲ.

ಕನ್ನಡ ನಾಡಿನಲ್ಲಿ ಈ ವಿನ್ಯಾಸ ಸಿಂಪ್ಯೂಟರ್‌ನಲ್ಲಿ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರೂ ಬೆಂಗಳೂರಿನ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ರೂಪಿಸಿದ ಈ ಕೈಗಣಕವನ್ನು 2001ರ ಏಪ್ರಿಲ್‌ನಲ್ಲಿ ಪರಿಚಯಿಸಲಾಯಿತು. 2004ರಲ್ಲಿ ಅಮೀಡಾ ಎಂಬ ಹೆಸರಿನ ಮಾದರಿ ಬಿಇಎಲ್ ಸಹಯೋಗದಲ್ಲಿ ಮಾರುಕಟ್ಟೆಗೂ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ ಎಂಬುದು ಬೇರೆ ಕಥೆ. ಅದರೊಳಗಿದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110, 206 ಮೆಗಾಹರ್ಟ್ಸ್ ವೇಗದ್ದು, ಅರ್ಧ ವ್ಯಾಟ್‌ಗಿಂತ ಕಡಿಮೆ ವಿದ್ಯುತ್ ಬಳಸುವಂಥದ್ದು. ಇದರ ಪೈಪ್‌ಲೈನಿಗೆ ಐದು ಹಂತ. ಕವಲು ಯಾವ ಕಡೆ ಹೋಗಬಹುದೆಂದು ಮೊದಲೇ ಊಹಿಸುವ ಮಂಡಲ ಇದರಲ್ಲಿರಲಿಲ್ಲ. ತಿರುಗಿದ ಪ್ರತಿ ಕವಲಿಗೂ ಒಂದು ಸ್ಪಂದ ನಷ್ಟ.

ನಮ್ಮ ಪ್ರಯೋಗ ಸಿಂಪ್ಯೂಟರಿನ ಸಂಸ್ಕಾರಕದಲ್ಲಿ ಹೀಗಾಗುತ್ತದೆ:

```
next: LDR   r1, [r2], #4
      CMP   r1, r0
      MOVGT r0, r1
      SUBS  r3, r3, #1
      BNE   next
```

ಎಂಟು ಸಾಲು ಐದಾಯಿತು, ಒಳಗಿನ ಕವಲು ಮಾಯವಾಯಿತು. ಸ್ಪಂದಗಳನ್ನು ಎಣಿಸೋಣ. ಐದು ಆದೇಶಗಳಿಗೆ ಐದು ಸ್ಪಂದ. `LDR` ತಂದ ಸಂಖ್ಯೆಗಾಗಿ `CMP` ಕಾಯುವುದು ಒಂದು. `BNE` ಹಿಂದಕ್ಕೆ ತಿರುಗಿದಾಗ ನಷ್ಟವಾಗುವುದು ಒಂದು. ಒಟ್ಟು ಏಳು. `MOVGT` ಬದಲು `BLE` ಕವಲೂ `MOV` ಆದೇಶವೂ ಇದ್ದಿದ್ದರೆ ಏನಾಗುತ್ತಿತ್ತು? ಕವಲು ತಿರುಗಿದರೆ ಅದಕ್ಕೊಂದು, ನಷ್ಟಕ್ಕೊಂದು. ತಿರುಗದಿದ್ದರೆ ಅದಕ್ಕೊಂದು, `MOV`ಗೊಂದು. ಹೇಗಾದರೂ ಎರಡು ಸ್ಪಂದ ಬೇಕು, ಸುತ್ತಿಗೆ ಒಟ್ಟು ಎಂಟು. ಷರತ್ತುಬದ್ಧ ಆದೇಶ ಪ್ರತಿ ಸುತ್ತಿಗೂ ಒಂದು ಸ್ಪಂದ ಉಳಿಸಿತು. ಕವಲನ್ನು ಊಹಿಸುವ ಮಂಡಲಕ್ಕೆ ಜಾಗವನ್ನೂ ವಿದ್ಯುತ್ತನ್ನೂ ಕೊಡಲಾಗದ, ಚಿಕ್ಕ ಬ್ಯಾಟರಿಯ ಯಂತ್ರಕ್ಕೆ ಇದು ಒಳ್ಳೆಯ ವ್ಯಾಪಾರ. ಜಾರಿಗೊಳಿಸುವುದೂ ಸುಲಭ: ಷರತ್ತು ಸುಳ್ಳಾದರೆ ಬರೆಯುವ ಸಂಕೇತವನ್ನು ತಡೆದರಾಯಿತು.

ಆದರೆ ಫ್ಲ್ಯಾಗಿನ ಹಳೆಯ ತೊಡಕು ಇಲ್ಲೂ ಇಣುಕುತ್ತದೆ. `LDR` ನಂತರದ ಖಾಲಿ ಸ್ಪಂದದಲ್ಲಿ, ಮಿಪ್ಸ್‌ನಲ್ಲಿ ಮಾಡಿದಂತೆ, `SUBS` ಅನ್ನು ಮೇಲಕ್ಕೆ ತಂದು ಇಡಬಹುದೇ? ಇಡಲಾಗದು. ಅದು ಬರೆದ ಫ್ಲ್ಯಾಗನ್ನು ಮುಂದಿನ `CMP` ಅಳಿಸಿಬಿಡುತ್ತದೆ. `BNE` ಮತ್ತೆ ತಪ್ಪು ಪ್ರಶ್ನೆಯ ಉತ್ತರ ಓದುತ್ತದೆ. ಇದು ನಮ್ಮ ವಿದ್ಯಾರ್ಥಿ 8085ರಲ್ಲಿ ಮಾಡಿದ ತಪ್ಪೇ. ಒಂದೇ ಜೊತೆ ಫ್ಲ್ಯಾಗ್ ಇರುವವರೆಗೆ ಎರಡು ತೀರ್ಮಾನಗಳನ್ನು ಒಟ್ಟಿಗೆ ಕೈಯಲ್ಲಿ ಹಿಡಿಯಲು ಬಾರದು.

ಷರತ್ತು ದುಬಾರಿಯಾದದ್ದು ಹೇಗೆ

ಪೈಪ್‌ಲೈನ್‌ಗಳು ಉದ್ದವಾಗುತ್ತ ಹೋದಂತೆ ಕವಲನ್ನು ಊಹಿಸುವ ಮಂಡಲ ಅನಿವಾರ್ಯವಾಯಿತು. ಅದು ಬಂದ ಮೇಲೆ ಲೆಕ್ಕಾಚಾರ ತಿರುಗಿತು. ನಮ್ಮ ಪ್ರಯೋಗದಲ್ಲೇ ನೋಡಿ. ಯಾದೃಚ್ಛಿಕವಾಗಿ ಜೋಡಿಸಿದ, ಒಂದಕ್ಕೊಂದು ಬೇರೆಯಾದ 1000 ಸಂಖ್ಯೆಗಳಲ್ಲಿ k-ನೆಯದು ಅದುವರೆಗಿನವುಗಳಲ್ಲಿ ದೊಡ್ಡದಾಗಿರುವ ಸಂಭವನೀಯತೆ 1/k. 1/2ರಿಂದ 1/1000ರವರೆಗೆ ಕೂಡಿದರೆ ಸುಮಾರು 6.5. ಅಂದರೆ 999 ಹೋಲಿಕೆಗಳಲ್ಲಿ ದೊಡ್ಡ ಸಂಖ್ಯೆ ಬದಲಾಗುವುದು ಸರಾಸರಿ ಆರೇಳು ಬಾರಿ ಮಾತ್ರ. 'ಬದಲಾಗದು' ಎಂದೇ ಸದಾ ಊಹಿಸಿದರೂ ತಪ್ಪುವುದು ಅಷ್ಟೇ. ಒಂದು ತಪ್ಪಿಗೆ 15 ಸ್ಪಂದ ನಷ್ಟವೆಂದು ಇಟ್ಟುಕೊಂಡರೂ ಒಟ್ಟು ನಷ್ಟ ಸುಮಾರು ನೂರು ಸ್ಪಂದ. ಊಹೆ ಸರಿಯಾದಾಗ ಮುಂದಿನ ಸುತ್ತುಗಳು ಹಿಂದಿನವುಗಳಿಗಾಗಿ ಕಾಯದೆ ನಡೆಯುತ್ತವೆ. `MOVGT` ಇದ್ದರೆ ಹಾಗಲ್ಲ. ಹೊಸ `r0` ಏನೆಂದು ತಿಳಿಯುವವರೆಗೆ ಮುಂದಿನ `CMP` ಕಾಯಲೇಬೇಕು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಸಂಖ್ಯೆಗಳಲ್ಲಿ ಬೆಸವಾದವನ್ನು ಮಾತ್ರ ಕೂಡುವ ಸುತ್ತಿನಲ್ಲಿ ಕವಲು ನಾಣ್ಯ ಚಿಮ್ಮಿದಂತೆ ವರ್ತಿಸುತ್ತದೆ. ಊಹೆ ಅರ್ಧ ಸಲ ತಪ್ಪುತ್ತದೆ, ಸಾವಿರ ಸುತ್ತಿಗೆ ನಷ್ಟ 7500 ಸ್ಪಂದ. ಅಲ್ಲಿ ಷರತ್ತುಬದ್ಧ ಆದೇಶವೇ ಮೇಲು. ಆದ್ದರಿಂದ ಯಾವುದು ಉತ್ತಮ ಎಂಬುದನ್ನು ಪ್ರೋಗ್ರಾಮಷ್ಟೇ ಅಲ್ಲ, ದತ್ತಾಂಶವೂ ನಿರ್ಧರಿಸುತ್ತದೆ.

ಇನ್ನೊಂದು ತೊಂದರೆ ಯಂತ್ರದ ಒಳಗಿನದು. ಆದೇಶಗಳನ್ನು ಕ್ರಮ ತಪ್ಪಿಸಿ ನಡೆಸುವ ಸಂಸ್ಕಾರಕ ಪ್ರತಿ ಫಲಿತಾಂಶಕ್ಕೂ ಒಳಗೊಳಗೇ ಹೊಸ ರಿಜಿಸ್ಟರ್ ಕೊಡುತ್ತದೆ. `ADDGT r0, r1, r2` ಎಂಬ ಆದೇಶದ ಷರತ್ತು ಸುಳ್ಳಾದರೆ ಹೊಸ ರಿಜಿಸ್ಟರಿಗೆ ಏನು ಬರೆಯಬೇಕು? ಹಳೆಯ `r0`ಯ ಬೆಲೆಯನ್ನೇ ನಕಲು ಮಾಡಬೇಕು. ಹಾಗಾಗಿ ಆದೇಶ ಎರಡರ ಬದಲು ಮೂರು ರಿಜಿಸ್ಟರುಗಳನ್ನೂ ಜೊತೆಗೆ ಫ್ಲ್ಯಾಗನ್ನೂ ಓದಬೇಕಾಯಿತು. ಚಿಕ್ಕ ಯಂತ್ರದಲ್ಲಿ 'ಬರೆಯಬೇಡ' ಎಂದಷ್ಟೇ ಆಗಿದ್ದ ಕೆಲಸ ದೊಡ್ಡ ಯಂತ್ರದಲ್ಲಿ ಹೆಚ್ಚುವರಿ ತಂತಿಗಳಾಗಿ ಬೆಳೆಯಿತು.

ಷರತ್ತನ್ನು ಎಲ್ಲರಿಗಿಂತ ದೂರ ಒಯ್ದದ್ದು 2001ರಲ್ಲಿ ಬಂದ ಇಟೇನಿಯಮ್. ಅದರಲ್ಲಿ ಷರತ್ತಿಗೆಂದೇ ಒಂದೊಂದು ಬಿಟ್‌ನ 64 ರಿಜಿಸ್ಟರುಗಳಿದ್ದವು. ಎರಡು ತೀರ್ಮಾನಗಳನ್ನು ಒಟ್ಟಿಗೆ ಹಿಡಿಯಲಾಗದ ಕಷ್ಟ ಅಲ್ಲಿರಲಿಲ್ಲ. ಆದರೆ ಯಾವುದನ್ನು ಷರತ್ತಾಗಿಸಬೇಕು, ಯಾವುದನ್ನು ಕವಲಾಗಿ ಬಿಡಬೇಕು ಎಂಬ ಹೊಣೆ ಕಂಪೈಲರಿನ ಮೇಲೆ ಬಿತ್ತು. ಅದಕ್ಕೆ ದತ್ತಾಂಶ ಮೊದಲೇ ಗೊತ್ತಿರುವುದಿಲ್ಲ. 2021ರಲ್ಲಿ ಇಟೇನಿಯಮ್ ಪೂರೈಕೆ ನಿಂತಿತು.

2011ರಲ್ಲಿ ಆರ್ಮ್ ತನ್ನ 64-ಬಿಟ್ ವಿನ್ಯಾಸವನ್ನು ಪ್ರಕಟಿಸಿದಾಗ ಬಹುಪಾಲು ಆದೇಶಗಳಿಂದ ಷರತ್ತನ್ನು ತೆಗೆದುಹಾಕಿತ್ತು. ಎರಡು ಬೆಲೆಗಳಲ್ಲಿ ಒಂದನ್ನು ಆರಿಸುವ `csel`ನಂಥ ಕೆಲವೇ ಆದೇಶಗಳು ಉಳಿದವು:

```
cmp  w1, w0
csel w0, w1, w0, gt
```

ಜೊತೆಗೆ ಒಂದು ರಿಜಿಸ್ಟರ್ ಸೊನ್ನೆಯೇ ಎಂದು ನೇರವಾಗಿ ನೋಡಿ ತಿರುಗುವ `cbz`, `cbnz` ಬಂದವು. ಹೀಗೆ ಫ್ಲ್ಯಾಗ್, ಹೋಲಿಸಿ ಕವಲೊಡೆಯುವುದು, ಷರತ್ತು ಮೂರೂ ಒಂದೇ ಯಂತ್ರದಲ್ಲಿ ತಮ್ಮ ತಮ್ಮ ಮಿತಿಯಲ್ಲಿ ನೆಲೆಗೊಂಡವು. 2010ರಲ್ಲಿ ಬರ್ಕ್ಲಿಯಲ್ಲಿ ಆರಂಭವಾದ ರಿಸ್ಕ್-ಫೈವ್ ಮಾತ್ರ ತನ್ನ ಮೂಲ ಆದೇಶಗಳಲ್ಲಿ ಫ್ಲ್ಯಾಗನ್ನೂ ಷರತ್ತನ್ನೂ ಬಿಟ್ಟು ಎರಡನೆಯ ಬಗೆಯನ್ನೇ ಆರಿಸಿತು, `blt` ಎಂಬ 'ಚಿಕ್ಕದಾದರೆ ತಿರುಗು' ಆದೇಶವನ್ನೂ ಸೇರಿಸಿತು. ಮದ್ರಾಸಿನ ಐಐಟಿಯ ಶಕ್ತಿ ಸಂಸ್ಕಾರಕಗಳು ಇದೇ ವಿನ್ಯಾಸವನ್ನು ಅನುಸರಿಸುತ್ತವೆ.

ನಿಮ್ಮ ಪ್ರಯೋಗಾಲಯದಲ್ಲಿ 8085 ಕಿಟ್ ಇನ್ನೂ ಇದ್ದರೆ 12, 45, 45, 07, 60 ಎಂಬ ಐದು ಸಂಖ್ಯೆಗಳನ್ನು ತುಂಬಿ, `DCX B` ಬಳಸಿದ ಪ್ರೋಗ್ರಾಮನ್ನು ಒಂದೊಂದೇ ಆದೇಶವಾಗಿ ನಡೆಸಿ, ಪ್ರತಿ ಹೆಜ್ಜೆಗೂ ಫ್ಲ್ಯಾಗ್ ರಿಜಿಸ್ಟರನ್ನು ಬರೆದುಕೊಳ್ಳಿ. ಆ ಪುಟದ ಪಕ್ಕದಲ್ಲಿ ಮೇಲಿನ ಮಿಪ್ಸ್ ಪ್ರೋಗ್ರಾಮನ್ನು ಬರೆದು, ಪ್ರತಿ ತೀರ್ಮಾನದ ಉತ್ತರ ಯಾವ ರಿಜಿಸ್ಟರಿನಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಮಿಪ್ಸ್ ಪುಟದಲ್ಲಿ ಬೆರಳಿಡಲು ಜಾಗ ಸಿಗುತ್ತದೆ. 8085ರ ಪುಟದಲ್ಲಿ ಹಿಂದಿನ ಸಾಲುಗಳನ್ನೆಲ್ಲ ಓದಿ ಹುಡುಕಬೇಕಾಗುತ್ತದೆ. ಪೈಪ್‌ಲೈನಿನ ವಿನ್ಯಾಸಕರಿಗೂ ಆಗಿದ್ದ ಕಷ್ಟ ಅದೇ.